ಸಂವಿಧಾನ ಓದುವ ನಮ್ಮ ಗುಂಪು: ಯಾರಿಗೆ ಯಾವ ಭಾಗ, ಸಾರಾಂಶಕ್ಕೆ ಒಂದೇ ನಮೂನೆ

ಸುನಂದಾ, ವಿಜಯಪುರ

ಗುಂಪಿನ ಎಂಟೂ ಜನ ಪೂರ್ತಿ ಓದಿ. ಹೊರಗಿನವರು ಹೇಳೋದಿದ್ದರೆ ಅವರೂ ಹೇಳಿ. ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಸಂವಿಧಾನವನ್ನು ಹಂಚಿಕೊಂಡು ಓದೋಣ ಅಂತ ಭಾನುವಾರ ಗ್ರಂಥಾಲಯದಲ್ಲಿ ಮಾತಾಯಿತು. ಹೇಗೆ ಹಂಚೋದು ಅನ್ನೋದು ಮಾತ್ರ ಬಗೆಹರಿಯಲಿಲ್ಲ.

ಭಾಗ 1 ಒಬ್ಬರಿಗೆ, ಭಾಗ 2 ಇನ್ನೊಬ್ಬರಿಗೆ ಅಂತ ಸಾಲಾಗಿ ಕೊಡೋದು ಬೇಡ. ಭಾಗ 5 ರಲ್ಲಿ 52 ರಿಂದ 151 ರವರೆಗೆ ವಿಧಿಗಳಿವೆ. ಭಾಗ 4ಎ ಯಲ್ಲಿ ಇರೋದು 51ಎ ಒಂದೇ. ಭಾಗ 7 ನ್ನು 1956 ರ ಏಳನೇ ತಿದ್ದುಪಡಿಯಲ್ಲೇ ತೆಗೆದುಹಾಕಿದ್ದಾರೆ, ಅದು ಯಾರ ಪಾಲಿಗೆ ಬರುತ್ತೋ ಅವರಿಗೆ ರಜೆ! ವಿಧಿ ಎಣಿಸಿ ಸಮ ಮಾಡಿದರೂ ಆಗಲ್ಲ. ಮೂಲಭೂತ ಹಕ್ಕುಗಳ ವಿಧಿ ಕಡಿಮೆ, ಆದರೆ 19 ನೇ ವಿಧಿ ಒಂದಕ್ಕೇ ಒಂದು ಸಂಜೆ ಹೋಗುತ್ತದೆ.

ಅದಕ್ಕೆ ಜೋಡಿ ಮಾಡಿ ಹಂಚಿದ್ದೇನೆ. ಕೇಂದ್ರದಲ್ಲಿ ಏನಿದೆಯೋ ಹೆಚ್ಚು ಕಡಿಮೆ ಅದೇ ರಾಜ್ಯದಲ್ಲೂ ಇರುತ್ತದೆ, ಸ್ವಲ್ಪ ವ್ಯತ್ಯಾಸ ಇರುತ್ತದೆ. ಪ್ರಶ್ನೆ ಕೇಳೋದು ಆ ವ್ಯತ್ಯಾಸದ ಮೇಲೇ. ರಾಷ್ಟ್ರಪತಿಯನ್ನು ಒಬ್ಬರು, ರಾಜ್ಯಪಾಲರನ್ನು ಇನ್ನೊಬ್ಬರು ಓದಿದರೆ ವ್ಯತ್ಯಾಸ ಇಬ್ಬರ ಕಣ್ಣಿಗೂ ಬೀಳಲ್ಲ. ರಾಷ್ಟ್ರಪತಿಯನ್ನು ತೆಗೆಯಲು 61 ನೇ ವಿಧಿಯ ಮಹಾಭಿಯೋಗ ಬೇಕು, ರಾಜ್ಯಪಾಲರು 156 ರ ಪ್ರಕಾರ ರಾಷ್ಟ್ರಪತಿಗೆ ಇಷ್ಟವಿರುವವರೆಗೆ ಮಾತ್ರ. ಒಬ್ಬರೇ ಎರಡನ್ನೂ ಓದಿದರೆ ಇದನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

ಹಂಚಿಕೆ ಹೀಗೆ. ಶಿವುಗೆ 52 ರಿಂದ 78, 152 ರಿಂದ 167, ಜೊತೆಗೆ ಸುಗ್ರೀವಾಜ್ಞೆಯ 123 ಮತ್ತು 213. ಸಂಸತ್ತು ಮತ್ತು ರಾಜ್ಯ ಶಾಸಕಾಂಗ ನನಗಿರಲಿ, 79 ರಿಂದ 122, 168 ರಿಂದ 212. ಇದೇ ಎಲ್ಲಕ್ಕಿಂತ ಭಾರ. ಕೋರ್ಟುಗಳೆಲ್ಲ ನಸೀಮಾಗೆ, 32 ಮತ್ತು 226 ಸೇರಿಸಿ. ಪಂಚಾಯತ್, ನಗರಸಭೆ, ಸಹಕಾರ ಸಂಘ ಮಲ್ಲುಗೆ. ಭಾಗ 3 ರೇಖಾಗೆ, ಅವಳಿಗೆ ಬೇರೆ ಏನೂ ಇಲ್ಲ. ಭಾಗ 1, 2, 4, 4ಎ ಮತ್ತು ತಿದ್ದುಪಡಿಯ 368 ಬಸವರಾಜಗೆ. ಕೇಂದ್ರ–ರಾಜ್ಯ ಸಂಬಂಧ, ಹಣಕಾಸು, ಸಿಎಜಿ ಕಾವ್ಯಾಗೆ. ಸೇವೆಗಳು, ಚುನಾವಣೆ, ಭಾಷೆ, ತುರ್ತು ಪರಿಸ್ಥಿತಿ, ವಿಶೇಷ ಅವಕಾಶಗಳು ತಾಳಿಕೋಟೆಯ ವಿನೋದಗೆ.

ಈಗ ನಮೂನೆ. ಒಂದು ಹಾಳೆಗೆ ಒಂದು ವಿಷಯ, ಎ4, ಸಾರಾಂಶ ಮುಂದಿನ ಮಗ್ಗುಲಲ್ಲಿ ಮಾತ್ರ. ನಿಮ್ಮ ಪಾಲಿಗೆ ಎಷ್ಟು ಹಾಳೆ ಬೇಕೋ ಅಷ್ಟು ಮಾಡಿ. ಆದರೆ ಎಂಟೂ ಜನರ ಹಾಳೆಯಲ್ಲಿ ಅದದು ಅದದೇ ಜಾಗದಲ್ಲಿ ಇರಬೇಕು. ತಲೆಸಾಲಿನಲ್ಲಿ ಭಾಗ, ವಿಧಿಗಳು, ಬರೆದವರ ಹೆಸರು, ನೋಡಿದವರ ಹೆಸರು, ತಾರೀಖು. ಎಡಗಡೆ ಸಣ್ಣ ಕಾಲಂನಲ್ಲಿ ವಿಧಿಯ ಸಂಖ್ಯೆ, ಬಲಗಡೆ ಅದರ ಅರ್ಥ ಒಂದೇ ಸಾಲಿನಲ್ಲಿ, ನಿಮ್ಮ ಸ್ವಂತ ಮಾತಿನಲ್ಲಿ. ಕೆಳಗೆ ಮೂರು ಚೌಕ: "ಅಂಕಿ" (ವಯಸ್ಸು, ಅವಧಿ, ಎಷ್ಟನೇ ಒಂದು ಭಾಗ), "ಜೋಡಿ" (ಯಾವುದರ ಜೊತೆ ಗೊಂದಲ ಆಗುತ್ತೆ), "ಬದಲಾವಣೆ" (ಯಾವ ತಿದ್ದುಪಡಿ, ಯಾವ ವರ್ಷ, ಈಗ ಜಾರಿಯಲ್ಲಿದೆಯಾ). ಹಿಂದಿನ ಮಗ್ಗುಲಲ್ಲಿ ನೀವೇ ಮಾಡಿದ ಐದು ಪ್ರಶ್ನೆ. ಉತ್ತರ ಅಲ್ಲಿ ಬರೆಯಬಾರದು, ಉತ್ತರ ಹಾಳೆಯಲ್ಲೇ ಸಿಗಬೇಕು. ಸಿಗದಿದ್ದರೆ ಹಾಳೆಯಲ್ಲಿ ಏನೋ ಬಿಟ್ಟಿದೆ ಅಂತ ಅರ್ಥ.

ಅನುಮಾನ ಇದ್ದಲ್ಲಿ ಅಂಚಿನಲ್ಲಿ ಪ್ರಶ್ನಾರ್ಥಕ ಹಾಕಿ. ಅನುಮಾನ ಇದ್ದೂ ಖಚಿತ ಅನ್ನೋ ಹಾಗೆ ಬರೆಯೋದು ಬೇಡ, ಉಳಿದ ಏಳು ಜನ ಅದನ್ನೇ ನಂಬಿ ಪರೀಕ್ಷೆಗೆ ಹೋಗುತ್ತಾರೆ.

ಶುಕ್ರವಾರ ರಾತ್ರಿಯೊಳಗೆ ಮೊದಲ ಹಾಳೆ ಕಳಿಸಿ. ಪಟ್ಟಿಯಲ್ಲಿ ನಿಮ್ಮ ನಂತರ ಇರುವವರು ಶನಿವಾರ ನೋಡುತ್ತಾರೆ. ನೋಡೋದು ಅಂದರೆ ಹಾಳೆ ಓದಿ ಚೆನ್ನಾಗಿದೆ ಅನ್ನೋದಲ್ಲ. ಮೂಲ ವಿಧಿ ತೆಗೆದು ಪಕ್ಕದಲ್ಲಿಟ್ಟುಕೊಂಡು ನೋಡಬೇಕು.

ಶಿವು ಇಂಡಿ

ಅಕ್ಕಾ ಹಂಚಿಕೆ ಓಕೆ, ಆದರೆ ಒಂದೇ ಸಾಲು ಅಂದರೆ ಹೇಗೆ? ಮಲ್ಲುಗೆ ಸಹಾಯ ಆಗಲಿ ಅಂತ ಪಂಚಾಯತ್ ಭಾಗ ಸುಮ್ನೆ ಬರೆದು ನೋಡಿದೆ, ನಮೂನೆ ಸರಿಯಾಗಿದೆಯಾ ಹೇಳಿ.

243ಎ – ಗ್ರಾಮಸಭೆ
243ಬಿ – ಮೂರು ಹಂತ. 20 ಲಕ್ಷ ಮೀರದ ಜನಸಂಖ್ಯೆಯ ರಾಜ್ಯದಲ್ಲಿ ನಡುವಿನ ಹಂತ ಇಲ್ಲದಿದ್ದರೂ ನಡೆಯುತ್ತದೆ
243ಡಿ – ಮೀಸಲಾತಿ, ಮಹಿಳೆಯರಿಗೆ 50%
243ಇ – ಅವಧಿ 5 ವರ್ಷ, ವಿಸರ್ಜಿಸಿದರೆ 6 ತಿಂಗಳಲ್ಲಿ ಚುನಾವಣೆ
243ಎಫ್ – ಸ್ಪರ್ಧೆಗೆ 21 ವರ್ಷ
243ಕೆ – ರಾಜ್ಯ ಚುನಾವಣಾ ಆಯೋಗ, ರಾಜ್ಯಪಾಲರು ನೇಮಕ ಮಾಡುತ್ತಾರೆ, ತೆಗೆಯುತ್ತಾರೆ
ಬದಲಾವಣೆ: 73 ನೇ ತಿದ್ದುಪಡಿ 1992, ಜಾರಿ 24 ಏಪ್ರಿಲ್ 1993

ಪಂಚಾಯ್ತಿ ಕಾಕಾ

ತಮ್ಮಾ ಶಿವು, ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಪಿಡಿಒ ಕೆಲಸ ಮಾಡಿದವನು, ಅದಕ್ಕೆ ಬಾಯಿ ಹಾಕುತ್ತಿದ್ದೇನೆ. ಹಾಳೆ ಚೊಕ್ಕ ಇದೆ. ಆದರೆ ಮೂರು ಕಡೆ ಮುಗ್ಗರಿಸುತ್ತದೆ, ನೋಡು.

243ಡಿ ಯಲ್ಲಿ 50% ಅಂತ ಎಲ್ಲೂ ಇಲ್ಲ. ಸಂವಿಧಾನ ಹೇಳೋದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು ಅಂತ, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರೂ ಲೆಕ್ಕಕ್ಕೆ ಬರುತ್ತಾರೆ. 50% ಕೊಟ್ಟಿರೋದು ನಮ್ಮ ರಾಜ್ಯದ ಕಾನೂನು. ಪ್ರಶ್ನೆ "ಸಂವಿಧಾನದ ಪ್ರಕಾರ" ಅಂತ ಶುರುವಾದರೆ ಒಂದು ಉತ್ತರ, "ಕರ್ನಾಟಕದಲ್ಲಿ" ಅಂತ ಶುರುವಾದರೆ ಇನ್ನೊಂದು. ಎರಡೂ ಆಯ್ಕೆಗಳಲ್ಲಿ ಇದ್ದೇ ಇರುತ್ತವೆ.

243ಕೆ: ನೇಮಕ ರಾಜ್ಯಪಾಲರದು, ಅದು ಸರಿ. ತೆಗೆಯೋದು ಅಲ್ಲ. ಹೈಕೋರ್ಟ್ ನ್ಯಾಯಾಧೀಶರನ್ನು ಯಾವ ರೀತಿ, ಯಾವ ಕಾರಣಕ್ಕೆ ತೆಗೆಯಬಹುದೋ ರಾಜ್ಯ ಚುನಾವಣಾ ಆಯುಕ್ತರನ್ನೂ ಹಾಗೇ ತೆಗೆಯಬೇಕು.

ಇನ್ನು 243ಇ. ಇದು ಒಂದು ಸಾಲಿಗೆ ಸಿಗುವ ವಿಧಿಯೇ ಅಲ್ಲ. ಒಂದು ಪಂಚಾಯ್ತಿಯ ಮೊದಲ ಸಭೆಗೆ 1 ಮಾರ್ಚ್ 2021 ನಿಗದಿಯಾಗಿತ್ತು ಅಂತ ಇಟ್ಟುಕೋ. ಐದು ವರ್ಷ ಎಣಿಸೋದು ಆ ದಿನದಿಂದ, ಚುನಾವಣೆ ನಡೆದ ದಿನದಿಂದ ಅಲ್ಲ. ಅಂದರೆ ಫೆಬ್ರವರಿ 2026 ಕ್ಕೆ ಮುಗಿಯಿತು. ನಡುವೆ 1 ಸೆಪ್ಟೆಂಬರ್ 2023 ಕ್ಕೆ ವಿಸರ್ಜನೆ ಆಯಿತು ಅನ್ನು. ಆರು ತಿಂಗಳೊಳಗೆ, ಅಂದರೆ ಫೆಬ್ರವರಿ 2024 ಮುಗಿಯುವಷ್ಟರಲ್ಲಿ ಚುನಾವಣೆ ಆಗಬೇಕು. ಹೊಸದಾಗಿ ಗೆದ್ದು ಬಂದವರಿಗೆ ಎಷ್ಟು ವರ್ಷ? ಐದು ಅಂತ ಹತ್ತರಲ್ಲಿ ಏಳು ಹುಡುಗರು ಬರೆಯುತ್ತಾರೆ. ಅಲ್ಲ, ಫೆಬ್ರವರಿ 2026 ರವರೆಗೆ ಮಾತ್ರ. ಉಳಿದದ್ದಷ್ಟೇ. ವಿಸರ್ಜನೆ ನವೆಂಬರ್ 2025 ರಲ್ಲಿ ಆಗಿದ್ದರೆ ಉಳಿಯೋದು ಆರು ತಿಂಗಳಿಗಿಂತ ಕಡಿಮೆ, ಆಗ ಆ ತುಂಡು ಅವಧಿಗೆ ಅಂತ ಬೇರೆ ಚುನಾವಣೆ ಮಾಡಬೇಕಾಗಿಲ್ಲ.

ಒಂದು ಸಾಲಿನ ನಿಯಮ ಇಟ್ಟರೆ ಇಂಥ ವಿಧಿಯ ಒಳಗಿರೋದೆಲ್ಲ ಸೋರಿ ಹೋಗುತ್ತದೆ, ಸುನಂದಾ. ಅದಕ್ಕೊಂದು ದಾರಿ ಮಾಡಮ್ಮಾ.

ಸುನಂದಾ, ವಿಜಯಪುರ

ಕಾಕಾ, ಇದು ಬೇಕಾಗಿತ್ತು ನಮಗೆ. ಹೀಗೆ ಮಾಡೋಣ. ಒಂದು ಸಾಲಿನ ನಿಯಮ ಹಾಗೇ ಇರಲಿ, ಅದನ್ನು ಸಡಿಲ ಬಿಟ್ಟರೆ ಎಲ್ಲರೂ ಪುಸ್ತಕವನ್ನೇ ಮತ್ತೆ ಬರೆಯುತ್ತಾರೆ. ಆದರೆ ಒಂದು ಹಾಳೆಯಲ್ಲಿ ಹೆಚ್ಚೆಂದರೆ ಎರಡು ವಿಧಿಗೆ "ಬಿಡಿಸಿದ್ದು" ಅಂತ ಗುರುತು ಹಾಕಿ, ತಾರೀಖು ಸಮೇತ ಒಂದು ಉದಾಹರಣೆ ಹಿಂದಿನ ಮಗ್ಗುಲಲ್ಲಿ ಬರೆಯಬಹುದು. ಪ್ರಶ್ನೆಗಳ ಮೇಲ್ಗಡೆ. 243ಇ ಗೆ ಕಾಕಾ ಹೇಳಿದ್ದೇ ಉದಾಹರಣೆ, ಮಲ್ಲು ಅದನ್ನೇ ಹಾಕಿಬಿಡು.

"ಅಂಕಿ" ಚೌಕವನ್ನು ಎರಡು ಕಾಲಂ ಮಾಡೋಣ, ಒಂದು ಸಂವಿಧಾನ, ಇನ್ನೊಂದು ನಮ್ಮ ರಾಜ್ಯದ ಕಾನೂನು. ಭಾಗ 9, 9ಎ ಹಾಳೆಗಳಿಗೆ ಮಾತ್ರ ಇದು ಕಡ್ಡಾಯ. ಉಳಿದವರು ಖಾಲಿ ಬಿಡಿ, ಆದರೆ ಕಾಲಂ ಅಳಿಸಬೇಡಿ.

ಶಿವು, ನಿನ್ನ ಪಾಲು ರಾಷ್ಟ್ರಪತಿ–ರಾಜ್ಯಪಾಲರು. ಅದನ್ನು ಬಿಟ್ಟು ಬೇರೆಯವರದ್ದು ಬರೆಯುತ್ತಾ ಕೂತಿದ್ದೀಯಲ್ಲ.

ಶಿವು ಇಂಡಿ

50% ಎಲ್ಲಾ ಕಡೆ ಬೋರ್ಡ್ ಮೇಲೆ ನೋಡಿ ಅಭ್ಯಾಸ ಆಗಿತ್ತು ಕಾಕಾ. ಒಂದು ಕೇಳ್ತೀನಿ. 243ಇ ಪ್ರಕಾರ ಅವಧಿ ಮುಗಿಯೋ ಮುಂಚೆ ಚುನಾವಣೆ ಆಗಲೇಬೇಕು ಅಂತಿದೆ. ಹಾಗಾದರೆ ನಮ್ಮ ಜಿಲ್ಲಾ ಪಂಚಾಯತ್, ತಾಲ್ಲೂಕು ಪಂಚಾಯತ್? 2016 ರಲ್ಲಿ ಚುನಾವಣೆ ಆಯಿತು, 2021 ಕ್ಕೆ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರಲ್ಲ.

ಪಂಚಾಯ್ತಿ ಕಾಕಾ

ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ಎಳೆದುಕೊಂಡು ಹೋಯಿತು. ಅದು ಸರಿಯಾ ತಪ್ಪಾ ಅನ್ನೋದನ್ನು ಸಾರಾಂಶದ ಹಾಳೆಯಲ್ಲಿ ಬಿಡಿಸೋಕೆ ಆಗಲ್ಲ ತಮ್ಮಾ. ಪರೀಕ್ಷೆಯಲ್ಲಿ ವಿಧಿ ಏನು ಹೇಳುತ್ತೆ ಅಂತ ಕೇಳುತ್ತಾರೆ, ಅದನ್ನು ಬರಿ. ಚಹಾ ಅಂಗಡಿಯಲ್ಲಿ ಉಳಿದದ್ದು ಮಾತಾಡೋಣ.

ವಿನೋದ, ತಾಳಿಕೋಟೆ

ನನ್ನ ಪಾಲಿನಲ್ಲಿ 371ಜೆ ಬರುತ್ತದೆ. ಅದನ್ನು ಬಿಡಿಸಿ ಬರೆಯುತ್ತೇನೆ, ನಮಗೇ ಸಂಬಂಧಪಟ್ಟಿದ್ದು ಅಲ್ವಾ. ನೇಮಕಾತಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ಇದೆ, ಅರ್ಜಿ ಹಾಕುವಾಗ ಅದರ ಸರ್ಟಿಫಿಕೇಟ್ ಹೇಗೆ ತಗೋಬೇಕು ಅಂತಾನೂ ಸೇರಿಸಲಾ?

ನಸೀಮಾ

ವಿನೋದ ಅಣ್ಣಾ, ನಮಗೆ ಎಲ್ಲಿ ಸಂಬಂಧ? 371ಜೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಗೆ. ಬಳ್ಳಾರಿಯಿಂದ ಬೇರೆಯಾದ ವಿಜಯನಗರವೂ ಸೇರುತ್ತದೆ. ವಿಜಯಪುರ ಜಿಲ್ಲೆ ಅದರಲ್ಲಿ ಇಲ್ಲ. ನಾವು ಬೆಳಗಾವಿ ವಿಭಾಗ.

ವಿನೋದ, ತಾಳಿಕೋಟೆ

ನಮ್ಮ ಊರಿನಿಂದ ಸ್ವಲ್ಪ ದೂರ ಹೋದರೆ ಯಾದಗಿರಿ ಜಿಲ್ಲೆ. ಅಲ್ಲಿಯವರಿಗೆ ಇದೆ ನಮಗೆ ಇಲ್ಲ ಅಂದರೆ ಏನು ಅರ್ಥ?

ನಸೀಮಾ

ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದ ಭಾಗ, ಅದರ ಜೊತೆ ಬಳ್ಳಾರಿ. ನಾವು ಮುಂಬೈ ಪ್ರಾಂತ್ಯದಲ್ಲಿದ್ದವರು. ಬೇಜಾರಾದರೂ ಹಾಳೆಯಲ್ಲಿ ಹಾಗೇ ಬರೀಬೇಕು. ಬದಲಾವಣೆ ಚೌಕದಲ್ಲಿ 98 ನೇ ತಿದ್ದುಪಡಿ, 2012 ಅಂತ ಹಾಕು. ಜಿಲ್ಲೆಗಳ ಹೆಸರು "ಅಂಕಿ" ಚೌಕದಲ್ಲಿ ಇರಲಿ, "ಕೆಳಗಿನವುಗಳಲ್ಲಿ ಯಾವ ಜಿಲ್ಲೆ ಸೇರಿಲ್ಲ" ಅಂತ ಕೇಳಿದರೆ ವಿಜಯಪುರವನ್ನೇ ಇಡುತ್ತಾರೆ ನೋಡುತ್ತಿರು.

ಸುನಂದಕ್ಕಾ, ಇನ್ನೊಂದು ಮಾತು. ಹಾಳೆ ಟೈಪ್ ಮಾಡೋರು ದಯವಿಟ್ಟು ಯೂನಿಕೋಡ್‌ನಲ್ಲಿ ಮಾಡಿ. ಕಳೆದ ಸಲ ಯಾರೋ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳಿಸಿದ್ದರು. ಕಂಪ್ಯೂಟರ್ ಸೆಂಟರ್‌ನಲ್ಲಿ ಚೆನ್ನಾಗೇ ಕಾಣುತ್ತೆ, ಫೋನಿನಲ್ಲಿ ತೆಗೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹುಡುಕೋಕೂ ಆಗಲ್ಲ. ಹಾಗೇ ಟೈಪ್ ಮಾಡಿಯಾಗಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು, ಸಂಖ್ಯೆಗಳನ್ನು ಒಮ್ಮೆ ಕಣ್ಣಾಡಿಸಿ. ಪರಿವರ್ತನೆಯಲ್ಲಿ ಕೆಡೋದು ಅವೇ. ಫೈಲಿನ ಹೆಸರೂ ಒಂದೇ ರೀತಿ ಇರಲಿ, `P09_243-243O_v1` ಹೀಗೆ. ತಿದ್ದಿದ ಮೇಲೆ `v2`. "ಹೊಸದು", "ಫೈನಲ್", "ಫೈನಲ್ ಹೊಸದು" ಬೇಡ.

ರೇಖಾ

ನಾನು ಕೈಯಲ್ಲೇ ಬರೆಯೋದು. ಟೈಪ್ ಮಾಡಿದರೆ ನನಗೆ ತಲೆಗೆ ಹೋಗಲ್ಲ. ಫೋಟೋ ಹಾಕಿದರೆ ನಡೆಯುತ್ತಾ?

ಸುನಂದಾ, ವಿಜಯಪುರ

ನಡೆಯುತ್ತೆ, ಚೌಕಗಳು ಅದೇ ಜಾಗದಲ್ಲಿ ಇರಬೇಕು ಅಷ್ಟೇ. ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸು, ಸುಮ್ನೆ ಫೋಟೋ ಕಳಿಸಿದರೆ ವಾಟ್ಸ್‌ಆಪ್ ಕುಗ್ಗಿಸಿಬಿಡುತ್ತೆ, ಸಣ್ಣ ಅಕ್ಷರ ಓದೋಕಾಗಲ್ಲ. ನಸೀಮಾ ಹೇಳಿದ ಫೈಲ್ ಹೆಸರು ಎಲ್ಲರಿಗೂ ಅನ್ವಯ.

ಒಬ್ಬ ಅಪ್ಪ, ಜಮಖಂಡಿ

ನನ್ನ ಮಗಳು ಎಸ್ಸೆಸ್ಸೆಲ್ಸಿ. ಸಮಾಜ ವಿಜ್ಞಾನ ಅಂದರೆ ಹೆದರುತ್ತಾಳೆ. ಈ ಹಾಳೆಗಳನ್ನು ಅವಳಿಗೂ ಕಳಿಸಿದರೆ ಉಪಕಾರವಾಗುತ್ತೆ. ಎಲ್ಲ ಪಾಠದ್ದೂ ಇದೆಯಾ, ಭೂಗೋಳ ಸೇರಿ?

ರೇಖಾ

ಇದು ಸಂವಿಧಾನ ಮಾತ್ರ ಸರ್, ಅದೂ ಆಯ್ಕೆ ಪ್ರಶ್ನೆಗಳಿಗೆ. ಅವಳಿಗೆ ಎರಡು ವಾಕ್ಯ, ಆರು ವಾಕ್ಯದ ಉತ್ತರ ಬರೆಯೋದು ಬರಬೇಕು, ಈ ಹಾಳೆಯಲ್ಲಿ ವಾಕ್ಯಗಳೇ ಇಲ್ಲ. ಅವಳ ಗೆಳತಿಯರು ನಾಲ್ಕು ಜನ ಸೇರಿದರೆ "ಅಂಕಿ" ಚೌಕ ತೆಗೆದು ಆ ಜಾಗದಲ್ಲಿ ಒಂದು ಪೂರ್ತಿ ಉತ್ತರ ಬರೆಯೋ ಹಾಗೆ ಮಾಡಿಕೊಳ್ಳಬಹುದು.

ಕಾನೂನು ಕಾಲೇಜು, ಬೆಳಗಾವಿ

ನಾನು ಎಲ್‌ಎಲ್‌ಬಿ ಓದುತ್ತಿದ್ದೇನೆ. ನಮೂನೆ ಚೆನ್ನಾಗಿದೆ, ಆದರೆ ತೀರ್ಪುಗಳಿಗೆ ಜಾಗವೇ ಇಲ್ಲವಲ್ಲ ಸುನಂದಾ ಅವರೇ. "ಬದಲಾವಣೆ" ಅಂದರೆ ತಿದ್ದುಪಡಿ ಒಂದೇ ಅಲ್ಲ. 368 ಓದಿ ಸಂಸತ್ತು ಏನು ಬೇಕಾದರೂ ತಿದ್ದಬಹುದು ಅಂತ ಬರೆದರೆ ತಪ್ಪು, 1973 ರ ಕೇಶವಾನಂದ ಭಾರತಿ ತೀರ್ಪಿನ ನಂತರ ಮೂಲ ಸ್ವರೂಪವನ್ನು ಮುಟ್ಟುವಂತಿಲ್ಲ. 356 ಕ್ಕೆ 1994 ರ ಬೊಮ್ಮಾಯಿ ತೀರ್ಪು ಇಲ್ಲದ ಹಾಳೆ ಅರ್ಧ ಹಾಳೆ, ಅದರಲ್ಲೂ ಅದು ನಮ್ಮದೇ ರಾಜ್ಯದ ಮುಖ್ಯಮಂತ್ರಿಯ ಪ್ರಕರಣ.

ಮಲ್ಲು ಅವರಿಗೆ ಒಂದು ಎಚ್ಚರಿಕೆ. ಸಹಕಾರ ಸಂಘಗಳ ಭಾಗ 9ಬಿ ಯನ್ನು 2011 ರ 97 ನೇ ತಿದ್ದುಪಡಿ ಸೇರಿಸಿತು ಅಂತ ಎಲ್ಲ ಪುಸ್ತಕದಲ್ಲೂ ಇರುತ್ತೆ. 2021 ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹುರಾಜ್ಯ ಸಹಕಾರ ಸಂಘಗಳಿಗೆ ಮಾತ್ರ ಉಳಿಸಿತು. ಸಹಕಾರ ಸಂಘ ರಾಜ್ಯ ಪಟ್ಟಿಯ ವಿಷಯ, ಹಾಗಾಗಿ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಬೇಕಿತ್ತು, ಅದನ್ನು ಪಡೆದಿರಲಿಲ್ಲ. ನಮ್ಮ ಊರಿನ ಸೊಸೈಟಿಗೆ 9ಬಿ ಅನ್ವಯಿಸಲ್ಲ. ಹಳೇ ಮುದ್ರಣದ ಪುಸ್ತಕ ನೋಡಿ ಬರೆದರೆ ಇದು ತಪ್ಪಿಹೋಗುತ್ತೆ.

ಮಲ್ಲು

ನನ್ನ ಪುಸ್ತಕ ಹಳೇದೇ, ಸೆಕೆಂಡ್ ಹ್ಯಾಂಡ್. ನೋಡಿದೆ, 2021 ರದ್ದು ಇಲ್ಲ. ಹಾಗಾದರೆ ಎಲ್ಲರೂ ಯಾವ ಮುದ್ರಣ ನೋಡಿ ಬರೆದಿದ್ದೀರಿ ಅಂತ ತಲೆಸಾಲಿನಲ್ಲೇ ಹಾಕೋಣ. ನೋಡುವವರ ಹತ್ತಿರ ಬೇರೆ ಮುದ್ರಣ ಇದ್ದರೆ ಇನ್ನೂ ಒಳ್ಳೇದು.

ಸುನಂದಾ, ವಿಜಯಪುರ

ಮಲ್ಲು ಹೇಳಿದ್ದು ಸೇರಿಸಿದೆ. ತಲೆಸಾಲಿನಲ್ಲಿ ಪುಸ್ತಕದ ಮುದ್ರಣ ವರ್ಷ ಕಡ್ಡಾಯ.

ತೀರ್ಪುಗಳ ಬಗ್ಗೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ ಮೇಡಂ. ವಿಧಿಯ ಅರ್ಥವನ್ನೇ ಬದಲಿಸಿದ ತೀರ್ಪು ಇದ್ದರೆ "ಬದಲಾವಣೆ" ಚೌಕದಲ್ಲಿ ಹೆಸರು, ವರ್ಷ, ಒಂದು ಸಾಲು. ಅದಕ್ಕಿಂತ ಜಾಸ್ತಿ ಬೇಡ. ನಿಮ್ಮ ಪರೀಕ್ಷೆಗೆ ತೀರ್ಪೇ ಮುಖ್ಯ, ನಮಗೆ ಅಲ್ಲ. ರೇಖಾ ಭಾಗ 3 ಕ್ಕೆ ತೀರ್ಪು ಸೇರಿಸೋಕೆ ಹೋದರೆ ಅವಳ ಹಾಳೆ ಪುಸ್ತಕವಾಗುತ್ತೆ.

ಕಾನೂನು ಕಾಲೇಜು, ಬೆಳಗಾವಿ

21 ನೇ ವಿಧಿಗೆ ಒಂದು ಸಾಲು ಸಾಕಾಗುತ್ತಾ ನೋಡಿ ಆಮೇಲೆ ಹೇಳಿ.

ಬಸವರಾಜ

ಎಲ್ಲರೂ ನಮೂನೆ ಬಗ್ಗೆ ಮಾತಾಡುತ್ತಿದ್ದೀರಿ, ನನ್ನ ತಕರಾರು ಹಂಚಿಕೆ ಬಗ್ಗೆನೇ. ಎಂಟು ಜನ ಹಂಚಿಕೊಂಡರೆ ಒಬ್ಬೊಬ್ಬರು ಓದೋದು ಎಂಟನೇ ಒಂದು ಭಾಗ. ಉಳಿದದ್ದು ಬೇರೆಯವರ ಹಾಳೆ ನೋಡಿ ಓದಿದ್ದೀವಿ ಅಂದುಕೊಳ್ಳುತ್ತೀವಿ. ನನಗೆ ಅನುಭವ ಇದೆ, ಬೇರೆಯವರ ನೋಟ್ಸ್ ಓದುವಾಗ ಎಲ್ಲ ಗೊತ್ತಿದೆ ಅನಿಸುತ್ತೆ, ಪ್ರಶ್ನೆಪತ್ರಿಕೆ ಮುಂದೆ ಕೂತಾಗ 108 ರಾ 198 ರಾ ಅಂತ ತಡಕಾಡುತ್ತೀವಿ.

ಸುನಂದಾ, ವಿಜಯಪುರ

ಅದಕ್ಕೇ ಬಸವರಾಜ ಹಿಂದಿನ ಮಗ್ಗುಲಿನ ಐದು ಪ್ರಶ್ನೆ. ಭಾನುವಾರ ಮೊದಲು ಪ್ರಶ್ನೆ, ಆಮೇಲೆ ಹಾಳೆ. ಬೇರೆಯವರ ಹಾಳೆಯ ಮುಂದಿನ ಮಗ್ಗುಲು ನೋಡದೆ ಉತ್ತರ ಬರೆದು, ತಪ್ಪಿದ ವಿಧಿಗಳನ್ನು ಮಾತ್ರ ಮೂಲದಲ್ಲಿ ಓದಿಕೊಂಡು ಬರಬೇಕು.

ನೀನೇ 108, 198 ಅಂದಿದ್ದಕ್ಕೆ ನನ್ನ ಮೊದಲ ಹಾಳೆಯ "ಜೋಡಿ" ಚೌಕ ಇಲ್ಲೇ ಹಾಕುತ್ತೇನೆ, ಉಳಿದವರಿಗೂ ಮಾದರಿ ಆಗಲಿ. ಹಣಕಾಸು ಮಸೂದೆಯಲ್ಲಿ ವ್ಯತ್ಯಾಸ ಇಲ್ಲ: ರಾಜ್ಯಸಭೆ 14 ದಿನದಲ್ಲಿ ವಾಪಸ್ ಕಳಿಸಬೇಕು (109), ವಿಧಾನ ಪರಿಷತ್ತಿಗೂ ಅದೇ 14 ದಿನ (198). ಸಾಮಾನ್ಯ ಮಸೂದೆಯಲ್ಲಿ ದಾರಿ ಬೇರೆಯಾಗುತ್ತೆ. ಲೋಕಸಭೆ, ರಾಜ್ಯಸಭೆ ಒಪ್ಪದಿದ್ದರೆ ಜಂಟಿ ಅಧಿವೇಶನ ಕರೆಯಬಹುದು (108). ರಾಜ್ಯದಲ್ಲಿ ಜಂಟಿ ಅಧಿವೇಶನವೇ ಇಲ್ಲ. ಪರಿಷತ್ತು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಪಾಸು ಮಾಡಿ ಕಳಿಸಿದರೆ ಇನ್ನೊಂದು ತಿಂಗಳು ತಡೆಯಬಹುದು, ಆಮೇಲೆ ವಿಧಾನಸಭೆ ಹೇಳಿದ್ದೇ ನಡೆಯುತ್ತೆ (197). ಚೌಕದಲ್ಲಿ ಇದು ನಾಲ್ಕು ಸಾಲು.

ಬಸವರಾಜ

ಇದು ಚೆನ್ನಾಗಿದೆ. ಆದರೂ ತಪ್ಪಿದ್ದನ್ನು ಮಾತ್ರ ಮೂಲದಲ್ಲಿ ಓದೋದು ಸಾಕಾಗಲ್ಲ ಅಂತ ನನ್ನ ಅಭಿಪ್ರಾಯ. ಅಂದಾಜಿನ ಮೇಲೆ ಸರಿ ಬಂದಿದ್ದನ್ನು ಹೇಗೆ ಹಿಡಿಯುತ್ತೀರಿ?

ಪಂಚಾಯ್ತಿ ಕಾಕಾ

ಉತ್ತರದ ಪಕ್ಕ ವಿಧಿಯ ಸಂಖ್ಯೆ ಬರೆಯೋಕೆ ಹೇಳು. ಅಂದಾಜಿನಲ್ಲಿ ಉತ್ತರ ಬರುತ್ತೆ, ಸಂಖ್ಯೆ ಬರಲ್ಲ.

ಕಾವ್ಯಾ

ಈಗಷ್ಟೇ ಎಲ್ಲಾ ಓದಿದೆ, ಬಸ್ಸಿನಲ್ಲಿದ್ದೆ. ನನ್ನ ಪಾಲಿನಲ್ಲಿ 280 ರ ಹಣಕಾಸು ಆಯೋಗ ಇದೆ, ಮಲ್ಲು ಪಾಲಿನಲ್ಲಿ 243ಐ ರಾಜ್ಯ ಹಣಕಾಸು ಆಯೋಗ. ಸುನಂದಕ್ಕನ ಜೋಡಿ ಲೆಕ್ಕದಲ್ಲಿ ಎರಡೂ ಒಬ್ಬರ ಹತ್ತಿರ ಇರಬೇಕಲ್ವಾ? 324 ಮತ್ತು 243ಕೆ ಕೂಡ ಹಾಗೇ, ಒಂದು ವಿನೋದಂದು ಒಂದು ಮಲ್ಲುದು.

ಸುನಂದಾ, ವಿಜಯಪುರ

ಸರಿ ಕಾವ್ಯಾ. 243ಐ ನೀನು ತಗೋ, 243ಕೆ ವಿನೋದ ತಗೊಳ್ಳಲಿ, 9ಎ ಯಲ್ಲಿ ಅವುಗಳ ಜೋಡಿ 243ವೈ ಮತ್ತು 243ಜಡ್‌ಎ ಕೂಡ. ಮಲ್ಲುನ ಹಾಳೆಯಲ್ಲಿ ಸಂಖ್ಯೆ ಮಾತ್ರ ಇದ್ದು "ಕಾವ್ಯಾ ನೋಡಿ", "ವಿನೋದ ನೋಡಿ" ಅಂತ ಇರಲಿ. ತಿದ್ದಿದ ಹಂಚಿಕೆ, ಖಾಲಿ ನಮೂನೆ ಎರಡನ್ನೂ ಗುಂಪಿಗೆ ಹಾಕಿದ್ದೇನೆ, ಫೈಲ್ ಹೆಸರು `Namune_v2`. `v1` ಇಳಿಸಿಕೊಂಡಿದ್ದರೆ ಅಳಿಸಿಬಿಡಿ.

ಮಲ್ಲು

ಹಾಗಾದರೆ ನನ್ನದು ಹಗುರ ಆಯಿತು, ನನ್ನ ನಂತರ ರೇಖಾ ತಾನೇ ನೋಡೋದು? ಅವಳಿಗೇ ಭಾಗ 3 ಇದೆ, ಶನಿವಾರ ಒಂದೇ ದಿನದಲ್ಲಿ ನನ್ನ ಮೂರು ಹಾಳೆ ನೋಡೋಕೆ ಆಗುತ್ತಾ?

ರೇಖಾ

ಆಗಲ್ಲ. 9 ಮತ್ತು 9ಎ ನೋಡುತ್ತೇನೆ, 9ಬಿ ಬೇರೆ ಯಾರಾದರೂ ತಗೊಳ್ಳಿ. ಬೆಳಗಾವಿ ಮೇಡಂ, ನೀವು ನೋಡಿಕೊಡುತ್ತೀರಾ?

ಕಾನೂನು ಕಾಲೇಜು, ಬೆಳಗಾವಿ

ಕಳಿಸಿ. ಆದರೆ ತೀರ್ಪಿಗೆ ಎರಡು ಸಾಲು ಬಿಡಬೇಕು, ಒಂದಲ್ಲ.